ಅಜ್ಜಿಯ ದನಿ, ಚೊಂಬಿನ ಠಣ್

ಅಜ್ಜಿ ಕಥೆ ಹೇಳುತ್ತಾಳೆ, ಮೊಮ್ಮಗ ಮೊಬೈಲನ್ನು ಎದುರಿನ ಮಣೆಯ ಮೇಲಿಟ್ಟು ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಇಪ್ಪತ್ತೈದು ನಿಮಿಷದ ಕಥೆ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ನಡುವೆ ಒಮ್ಮೆ ಅಡುಗೆಮನೆ ಕಡೆಯಿಂದ ಬಂದವರು ನೀರಿನ ಸ್ಟೀಲ್ ಚೊಂಬನ್ನು ಠಣ್ಣನೆ ನೆಲಕ್ಕಿಡುತ್ತಾರೆ. ರಾತ್ರಿ ಕೇಳಿ ನೋಡಿದರೆ ಕಥೆ ಎಲ್ಲೋ ಬಾವಿಯಾಳದಿಂದ ಬರುತ್ತಿರುವಂತಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು. ಯಾರೋ ಹೇಳುತ್ತಾರೆ: ‘ನಾರ್ಮಲೈಸ್ ಮಾಡು, ಸರಿಹೋಗುತ್ತೆ.’ ಕಂಪ್ಯೂಟರಿಗೆ ಹಾಕಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶ ತೆರೆದು, ಮೆನುವಿನಲ್ಲಿ Normalize ಒತ್ತಿದರೆ ಏನೂ ಆದಂತೆ ಕಾಣುವುದಿಲ್ಲ. ಅದರ ಪಕ್ಕದಲ್ಲೇ Loudness Normalization ಎಂಬ ಇನ್ನೊಂದು ಇದೆ. ಅದನ್ನು ಒತ್ತಿದರೆ ಕಥೆ ಕಿವಿತುಂಬ ಕೇಳುತ್ತದೆ, ಆದರೆ ಫ್ಯಾನೂ ಮೊರೆಯುತ್ತದೆ, ಚೊಂಬಿನ ಜಾಗದಲ್ಲಿ ಏನೋ ಹರಿದುಹೋದಂಥ ಸದ್ದು.

ಇಂಥ ರೆಕಾರ್ಡಿಂಗುಗಳು ಎಷ್ಟೋ ಮನೆಗಳ ಮೊಬೈಲಿನಲ್ಲಿವೆ. ಉದಾಹರಣೆಗೆ ಇದನ್ನೇ ಇಟ್ಟುಕೊಂಡು, ಎರಡು ಗುಂಡಿಗಳೂ ಒಳಗೆ ಮಾಡುವುದೇನು ಎಂದು ಲೆಕ್ಕ ಹಾಕಿ ನೋಡಬಹುದು.

ಡಿಜಿಟಲ್ ಆಡಿಯೊದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಮಾಳಿಗೆ. ಅದಕ್ಕಿಂತ ಮೇಲೆ ಜಾಗವಿಲ್ಲ. ಆದ್ದರಿಂದ ಎಲ್ಲ ಸದ್ದನ್ನೂ ಮಾಳಿಗೆಯಿಂದ ಎಷ್ಟು ಕೆಳಗಿದೆ ಎಂದೇ ಅಳೆಯುತ್ತಾರೆ, ಅಂಕಿಗಳೆಲ್ಲ ಮೈನಸ್‌ನಲ್ಲಿರುತ್ತವೆ. ನಮ್ಮ ಕಥೆಯಲ್ಲಿ ಅಜ್ಜಿಯ ದನಿ ಅತಿ ಜೋರಾದಾಗ ಮೈನಸ್ 24 ಡೆಸಿಬೆಲ್ ಮುಟ್ಟುತ್ತದೆ ಎಂದಿಟ್ಟುಕೊಳ್ಳೋಣ. ಚೊಂಬಿನ ಠಣ್ ಮಾತ್ರ ಮೈನಸ್ 3ಕ್ಕೆ ಚಿಮ್ಮಿದೆ. ಪರದೆಯ ಮೇಲೆ ನೋಡಿದರೆ ಇಡೀ ಕಥೆ ತೆಳ್ಳಗಿನ ಗೆರೆಯಾಗಿದ್ದು, ಒಂದೇ ಒಂದು ಕಡೆ ಸೂಜಿಯಂಥ ಮುಳ್ಳು ಎದ್ದು ನಿಂತಿರುತ್ತದೆ.

ಮೊದಲ ಗುಂಡಿ, ಅಂದರೆ ಪೀಕ್ ನಾರ್ಮಲೈಸೇಷನ್, ಮಾಡುವುದು ಬಹಳ ಸರಳವಾದ ಕೆಲಸ. ಫೈಲಿನುದ್ದಕ್ಕೂ ಹುಡುಕಿ ಅತಿ ಎತ್ತರದ ಒಂದು ಬಿಂದುವನ್ನು ಹಿಡಿಯುತ್ತದೆ. ಆ ಬಿಂದು ನಾವು ಹೇಳಿದ ಮಟ್ಟ ಮುಟ್ಟಲು ಎಷ್ಟು ಏರಿಸಬೇಕೋ ಅಷ್ಟನ್ನೇ ಇಡೀ ಫೈಲಿಗೆ ಕೂಡಿಸುತ್ತದೆ. ಅಡಾಸಿಟಿಯಲ್ಲಿ ಆ ಮಟ್ಟ ಮೊದಲೇ ಮೈನಸ್ 1 ಎಂದು ತುಂಬಿರುತ್ತದೆ. ಇಲ್ಲಿ ಅತಿ ಎತ್ತರದ ಬಿಂದು ಚೊಂಬಿನದು, ಮೈನಸ್ 3. ಅದು ಮೈನಸ್ 1ಕ್ಕೆ ಬರಲು ಬೇಕಾದದ್ದು 2 ಡೆಸಿಬೆಲ್. ಹಾಗಾಗಿ ಅಜ್ಜಿಯ ದನಿಗೂ ಸಿಗುವುದು ಆ ಎರಡೇ. ಮಾತಿನಲ್ಲಿ 2 ಡೆಸಿಬೆಲ್ ಎಂದರೆ ಕಿವಿಗೊಟ್ಟು ಕೇಳಿದರಷ್ಟೇ ಗೊತ್ತಾಗುವ ವ್ಯತ್ಯಾಸ. ತಂತ್ರಾಂಶ ಕೆಲಸ ಮಾಡಿದೆ, ತಪ್ಪನ್ನೂ ಮಾಡಿಲ್ಲ. ಇಪ್ಪತ್ತೈದು ನಿಮಿಷದ ಕಥೆಯ ಹಣೆಬರಹವನ್ನು ಅರೆ ಕ್ಷಣದ ಚೊಂಬು ಬರೆದಿದೆ, ಅಷ್ಟೆ.

ಈ ವಿಧಾನಕ್ಕೆ ಕಿವಿ ಎಂಬುದೇ ಇಲ್ಲ. ಒಂದು ಬಿಂದುವಿನ ಎತ್ತರ ಅದಕ್ಕೆ ಗೊತ್ತು, ಕೇಳುಗನಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದು ಗೊತ್ತಿಲ್ಲ. ಕ್ಷಣಮಾತ್ರ ಚಿಮ್ಮಿ ಅಡಗುವ ಸದ್ದಿಗೂ ಒಂದೇ ಸಮನೆ ಹರಿಯುವ ಸದ್ದಿಗೂ ಶಿಖರ ಒಂದೇ ಎತ್ತರದಲ್ಲಿರಬಹುದು, ಆದರೆ ಕೇಳುವವರಿಗೆ ಎರಡನೆಯದು ಎಷ್ಟೋ ಜೋರು. ಟಿ.ವಿ. ಜಾಹೀರಾತಿನವರು ದಶಕಗಳ ಕಾಲ ಆಟವಾಡಿದ್ದು ಇದೇ ಸಂದಿಯಲ್ಲಿ. ಶಿಖರ ಕಾರ್ಯಕ್ರಮದಷ್ಟೇ ಎತ್ತರ, ನಿಯಮ ಮೀರಿಲ್ಲ. ಆದರೆ ತಗ್ಗುಗಳನ್ನೆಲ್ಲ ಏರಿಸಿ ಗಟ್ಟಿಯಾಗಿ ಒತ್ತಿದ್ದರಿಂದ ಜಾಹೀರಾತು ಬಂದಕೂಡಲೇ ಜನ ರಿಮೋಟಿಗೆ ತಡಕಾಡುತ್ತಿದ್ದರು. ಅಮೆರಿಕದಲ್ಲಿ ಇದಕ್ಕಾಗಿ ಕಾನೂನೇ ಬಂತು, 2012ರ ಡಿಸೆಂಬರಿನಿಂದ ಜಾರಿಯಾಯಿತು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲೇ ತನ್ನ ಶಿಫಾರಸು ಹೊರಡಿಸಿತ್ತು. ಇವೆರಡರ ಹಿಂದೆಯೂ ಇದ್ದದ್ದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಪ್ರಕಟಿಸಿದ ಒಂದು ಅಳತೆಯ ಕ್ರಮ. ಪರದೆಯ ಮೇಲೆ LUFS ಎಂದು ಕಾಣುವ, ಸ್ಟುಡಿಯೊದವರ ಬಾಯಲ್ಲಿ ‘ಲಫ್ಸ್’ ಆಗಿರುವ ಮಾನ ಹುಟ್ಟಿದ್ದು ಅಲ್ಲಿಂದ.

ಲಫ್ಸ್ ಅಳೆಯುವುದು ಕೇಳಿಸುವ ಜೋರನ್ನು. ಮನುಷ್ಯನ ಕಿವಿ ತೀರಾ ಕೆಳಗಿನ ಗುಂಯ್‌ಗುಡುವಿಕೆಗೆ ಮಂದ, ಮೇಲಿನ ಸ್ವರಗಳಿಗೆ ಚುರುಕು. ಆದ್ದರಿಂದ ಅಳೆಯುವ ಮೊದಲು ಕೆಳಗಿನದನ್ನು ಕಡಿಮೆ ಮಾಡಿ ಮೇಲಿನದಕ್ಕೆ ತುಸು ತೂಕ ಕೊಡುತ್ತಾರೆ. ಆಮೇಲೆ ಸದ್ದನ್ನು 400 ಮಿಲಿಸೆಕೆಂಡುಗಳ ತುಂಡುಗಳಾಗಿ ನೋಡಿ, ಅವುಗಳ ಶಕ್ತಿಯ ಸರಾಸರಿ ತೆಗೆಯುತ್ತಾರೆ. ಇಲ್ಲೊಂದು ಜಾಣತನವಿದೆ. ಅಜ್ಜಿ ಕಥೆಯ ನಡುವೆ ಎಲೆಯಡಿಕೆ ಹಾಕಿಕೊಳ್ಳಲು ನಿಲ್ಲಿಸಿದ ಮೌನವನ್ನೂ ಸರಾಸರಿಗೆ ಸೇರಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಅದಕ್ಕಾಗಿ 2011ರ ಪರಿಷ್ಕರಣೆಯಲ್ಲಿ ಒಂದು ‘ಗೇಟ್’ ಇಟ್ಟರು: ಮೊದಲು ಒಂದು ಸರಾಸರಿ ತೆಗೆದು, ಅದಕ್ಕಿಂತ 10ಕ್ಕೂ ಹೆಚ್ಚು ಕೆಳಗಿರುವ ತುಂಡುಗಳನ್ನು ಹೊರಗಿಟ್ಟು, ಉಳಿದವುಗಳ ಸರಾಸರಿಯನ್ನು ಮತ್ತೆ ತೆಗೆಯುವುದು. ಮೌನ ಲೆಕ್ಕದಿಂದ ಬಿತ್ತು, ಮಾತು ಉಳಿಯಿತು. ಈ ಗೇಟಿನ ಕತೆ ಮುಂದೆ ಮತ್ತೆ ಬರುತ್ತದೆ.

ಅಳೆದು ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ. ಕಮಾಂಡ್ ಬರೆಯಲು ಅಂಜದವರು ಎಫ್‌ಎಫ್‌ಎಂಪೆಗ್ ಹಾಕಿಕೊಂಡು ಹೀಗೆ ಕೇಳಬಹುದು:

```
ffmpeg -i ajji.wav -af ebur128=peak=true:dualmono=true -f null -
```

ಫೈಲ್ ಕೊನೆಯವರೆಗೆ ಓಡಿದ ಮೇಲೆ ಸಾರಾಂಶ ಬರುತ್ತದೆ. ಅದರಲ್ಲಿ ನೋಡಬೇಕಾದದ್ದು ಎರಡೇ ಸಾಲು. ನಮ್ಮ ಉದಾಹರಣೆಯಲ್ಲಿ ಅವು ಹೀಗಿರುತ್ತವೆ:

```
I:         -38.0 LUFS
Peak:       -3.0 dBFS
```

ಒಟ್ಟಾರೆ ಕೇಳಿಸುವ ಜೋರು ಮೈನಸ್ 38, ಶಿಖರ ಮೈನಸ್ 3. ನಡುವೆ 35ರ ಅಂತರ. ಬರೀ ಮಾತಿನ ರೆಕಾರ್ಡಿಂಗಿನಲ್ಲಿ ಇದು ಸಾಮಾನ್ಯವಾಗಿ ಹದಿನೈದರ ಆಸುಪಾಸಿನಲ್ಲಿರುತ್ತದೆ. ಮೂವತ್ತು ದಾಟಿದೆ ಎಂದರೆ ಮಾತಲ್ಲದ ಏನೋ ಒಂದು ಒಳಗೆ ಕೂತು ಶಿಖರವನ್ನು ಹಿಡಿದಿದೆ ಎಂದೇ ಅರ್ಥ. ಚೊಂಬು, ಕೆಮ್ಮು, ಬಾಗಿಲು, ಮೈಕಿಗೆ ತಗುಲಿದ ಬೆರಳು, ಯಾವುದಾದರೂ ಸರಿ. ಫೈಲನ್ನು ಪೂರ್ತಿ ಕೇಳದೆಯೂ ಈ ಒಂದು ಕಳೆಯುವ ಲೆಕ್ಕದಿಂದ ರೋಗ ಪತ್ತೆಯಾಗುತ್ತದೆ.

ಈಗ ಎರಡನೆಯ ಗುಂಡಿ. ಪಾಡ್‌ಕಾಸ್ಟುಗಳಿಗೆ ಆ್ಯಪಲ್ ಸೂಚಿಸಿರುವ ಮಟ್ಟ ಮೈನಸ್ 16, ಒಂದಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಅಜ್ಜಿಯ ಕಥೆಯನ್ನು ಅಲ್ಲಿಗೆ ತರಲು Loudness Normalization ಎಲ್ಲಕ್ಕೂ 22 ಡೆಸಿಬೆಲ್ ಕೂಡಿಸುತ್ತದೆ. ದನಿಯ ಶಿಖರ ಮೈನಸ್ 24ರಿಂದ ಮೈನಸ್ 2ಕ್ಕೆ ಬರುತ್ತದೆ, ಚೆನ್ನಾಯಿತು. ಚೊಂಬು? ಮೈನಸ್ 3ಕ್ಕೆ 22 ಸೇರಿದರೆ ಪ್ಲಸ್ 19. ಮಾಳಿಗೆಯ ಮೇಲೆ ಜಾಗವಿಲ್ಲವಲ್ಲ, ಹಾಗಾಗಿ ಸೊನ್ನೆಯ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ. ದುಂಡಗಿರಬೇಕಾದ ಅಲೆಯ ತುದಿ ಚಪ್ಪಟೆಯಾಗಿ, ಕಿವಿಗೆ ಚರ್‍ರೆನ್ನುವ ಸದ್ದಾಗಿ ಬಡಿಯುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಅಡಾಸಿಟಿಯ ಮೆನುವಿನಲ್ಲಿ ಕ್ಲಿಪ್ಪಿಂಗ್ ತೋರಿಸುವ ಆಯ್ಕೆ ಹಾಕಿಕೊಂಡರೆ ಅಂಥ ಜಾಗಗಳಲ್ಲಿ ಕೆಂಪು ಗೆರೆ ಬೀಳುತ್ತದೆ.

ಹೊಸಬರಿಗೆ ಒಂದು ಸಮಾಧಾನ: ಅಡಾಸಿಟಿ ಒಳಗೆ ಲೆಕ್ಕ ಮಾಡುವುದು 32 ಬಿಟ್ ಫ್ಲೋಟ್‌ನಲ್ಲಿ. ಅಂದರೆ ಸೊನ್ನೆ ದಾಟಿದ ಅಲೆ ಕೆಂಪಾಗಿ ಕಂಡರೂ ಅಳಿದುಹೋಗಿರುವುದಿಲ್ಲ, ಮತ್ತೆ ಇಳಿಸಿದರೆ ಹಾಗೇ ವಾಪಸ್ ಬರುತ್ತದೆ. 16 ಬಿಟ್ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದ ಗಳಿಗೆಯಲ್ಲಿ ಮಾತ್ರ ಅದು ಶಾಶ್ವತವಾಗಿ ಕತ್ತರಿಸಿಹೋಗುತ್ತದೆ. ರೆಕಾರ್ಡ್ ಮಾಡುವಾಗಲೇ ಮೊಬೈಲಿನಲ್ಲಿ ಚಪ್ಪಟೆಯಾಗಿದ್ದರೆ ಬೇರೆ ಮಾತು, ಅದನ್ನು ಈ ಎರಡು ಗುಂಡಿಗಳೂ ದುಂಡಗೆ ಮಾಡಲಾರವು.

ಹಾಗಾದರೆ ಮಾಡಬೇಕಾದದ್ದು, ಗುಂಡಿ ಒತ್ತುವ ಮೊದಲೇ ಚೊಂಬನ್ನು ತಗ್ಗಿಸುವುದು. ಪರದೆಯ ಮೇಲಿನ ಮುಳ್ಳನ್ನು ಹತ್ತಿರ ಎಳೆದು, ಠಣ್ ಶುರುವಾಗಿ ಅದರ ಗುಂಗು ಅಡಗುವವರೆಗಿನ ಭಾಗವನ್ನಷ್ಟೇ ಆಯ್ದುಕೊಳ್ಳಬೇಕು. ಕೀಬೋರ್ಡಿನಲ್ಲಿ Z ಒತ್ತಿದರೆ ಆಯ್ಕೆಯ ಎರಡೂ ಅಂಚುಗಳು ಅಲೆ ಸೊನ್ನೆಯ ಗೆರೆ ದಾಟುವಲ್ಲಿಗೆ ಸರಿದುಕೊಳ್ಳುತ್ತವೆ, ಹೊಲಿಗೆಯಲ್ಲಿ ‘ಟಿಕ್’ ಎನ್ನುವುದಿಲ್ಲ. ನಂತರ Amplify ತೆರೆದು ಮೈನಸ್ 20 ಎಂದು ಬರೆದು ಒಪ್ಪಿದರೆ, ಚೊಂಬು ಮೈನಸ್ 3ರಿಂದ ಮೈನಸ್ 23ಕ್ಕೆ ಇಳಿಯುತ್ತದೆ. ಅಜ್ಜಿಯ ಜೋರು ದನಿಯ ಪಕ್ಕದಲ್ಲೇ ಬಂದು ಕೂರುತ್ತದೆ. ಪೂರ್ತಿ ಅಳಿಸಬಾರದು, ಹಿಂದೆ ಹರಿಯುತ್ತಿದ್ದ ಫ್ಯಾನಿನ ಸದ್ದು ಒಮ್ಮೆಲೇ ಮಾಯವಾಗಿ ಮತ್ತೆ ಬಂದರೆ ಚೊಂಬಿಗಿಂತ ಅದೇ ಹೆಚ್ಚು ಎದ್ದು ಕೇಳುತ್ತದೆ.

ಈಗ ಎರಡೂ ಗುಂಡಿಗಳನ್ನು ಮತ್ತೆ ಪರೀಕ್ಷಿಸಿದರೆ ಫಲಿತಾಂಶ ನೋಡುವಂತಿದೆ. ಪೀಕ್ ವಿಧಾನಕ್ಕೆ ಈಗ ಅತಿ ಎತ್ತರದ ಬಿಂದು ಮೈನಸ್ 23; ಅದನ್ನು ಮೈನಸ್ 1ಕ್ಕೆ ತರಲು 22 ಡೆಸಿಬೆಲ್ ಕೂಡಿಸಬೇಕು. ಲೌಡ್‌ನೆಸ್ ವಿಧಾನವೂ ಕೂಡಿಸುವುದು ಅದೇ 22. ಒಂದು ಠಣ್ ತಗ್ಗಿದ್ದೇ ತಡ, ಎರಡೂ ದಾರಿ ಒಂದೇ ಊರಿಗೆ ಬಂದು ನಿಂತವು. ಲೆಕ್ಕ ಇಷ್ಟು ನುಣ್ಣಗೆ ಕೂಡಲಿ ಎಂದೇ ಇಲ್ಲಿನ ಅಂಕಿಗಳನ್ನು ಆರಿಸಿಕೊಂಡಿದ್ದು ನಿಜ. ನಿಜವಾದ ಫೈಲಿನಲ್ಲಿ ಎರಡು ಮೂರು ಡೆಸಿಬೆಲ್ ಆಚೀಚೆ ಆಗುತ್ತದೆ, ಎಲ್ಲೋ ಒಂದು ನಗು, ಒಂದು ಗದರಿಕೆ ಸೊನ್ನೆ ದಾಟುತ್ತದೆ. ಅಂಥ ಚಿಲ್ಲರೆ ಶಿಖರಗಳಿಗೆ Limiter ಎಂಬ ಸಾಧನವಿದೆ. ಮೈನಸ್ 1ಕ್ಕೆ ಗೆರೆ ಹಾಕಿಕೊಟ್ಟರೆ ಅದನ್ನು ದಾಟುವ ಅಲೆಯನ್ನು ಮಾತ್ರ ಮೆಲ್ಲಗೆ ಅದುಮಿ ಹಿಡಿಯುತ್ತದೆ. ಎರಡು ಮೂರು ಡೆಸಿಬೆಲ್ ಅದುಮಿದರೆ ಕಿವಿಗೆ ತಿಳಿಯದು. ಹತ್ತೊಂಬತ್ತು ಡೆಸಿಬೆಲ್ಲಿನ ಚೊಂಬನ್ನೂ ಅದರ ಕೊರಳಿಗೇ ಕಟ್ಟಿದರೆ, ಆ ಕ್ಷಣದಲ್ಲಿ ಅಜ್ಜಿಯ ಮಾತೂ ಚೊಂಬಿನ ಜೊತೆಗೇ ಕುಗ್ಗಿ ಮತ್ತೆ ಉಬ್ಬುತ್ತದೆ.

ಫ್ಯಾನಿನ ವಿಚಾರಕ್ಕೆ ಬಂದರೆ, ಲೌಡ್‌ನೆಸ್ ಗುಂಡಿ ಒತ್ತಿದ್ದರಿಂದ ಗದ್ದಲ ಹುಟ್ಟಿತು ಎಂದು ಹೊಸಬರು ದೂರುವುದುಂಟು. ಹುಟ್ಟಿದ್ದಲ್ಲ, ಮೊದಲೇ ಇತ್ತು. ಮೂಲದಲ್ಲಿ ಫ್ಯಾನು ಮೈನಸ್ 62ರಲ್ಲಿದ್ದರೆ ಅಜ್ಜಿಗೂ ಅದಕ್ಕೂ 24ರ ಅಂತರ. ಏರಿಸಿದ ಮೇಲೆ ಅಜ್ಜಿ ಮೈನಸ್ 16, ಫ್ಯಾನು ಮೈನಸ್ 40. ಅಂತರ ಅದೇ 24. ಎರಡೂ ವಿಧಾನಗಳು ಇಡೀ ಫೈಲಿಗೆ ಒಂದೇ ಏರಿಕೆ ಕೊಡುವುದರಿಂದ ದನಿಗೂ ಗದ್ದಲಕ್ಕೂ ಇರುವ ಅಂತರವನ್ನು ಕೂದಲೆಳೆಯಷ್ಟೂ ಬದಲಿಸಲಾರವು. ಪೀಕ್ ವಿಧಾನದಲ್ಲಿ ಫ್ಯಾನು ಸುಮ್ಮನಿದ್ದಂತೆ ಕಂಡದ್ದು ಅಜ್ಜಿಯೂ ಕೇಳಿಸುತ್ತಿರಲಿಲ್ಲವಾದ್ದರಿಂದ.

ಗದ್ದಲ ಕಡಿಮೆ ಮಾಡಲು Noise Reduction ಇದೆ. ಯಾರೂ ಮಾತಾಡದೆ ಬರೀ ಫ್ಯಾನು ಕೇಳುವ ಒಂದೆರಡು ಸೆಕೆಂಡು ಆಯ್ದು ಅದರ ಮಾದರಿ ಕೊಡಬೇಕು, ಆಮೇಲೆ ಇಡೀ ಫೈಲಿಗೆ ಅನ್ವಯಿಸಬೇಕು. ಹಲವರು ಎಡವುವುದು ಕ್ರಮದಲ್ಲಿ: ಏರಿಸುವ ಮೊದಲು ಮಾದರಿ ಕೊಟ್ಟು, ಏರಿಸಿದ ಮೇಲೆ ಅನ್ವಯಿಸುತ್ತಾರೆ. ಅಷ್ಟರಲ್ಲಿ ಫ್ಯಾನು 22 ಡೆಸಿಬೆಲ್ ಮೇಲೆದ್ದಿರುವುದರಿಂದ ತಂತ್ರಾಂಶ ಅದನ್ನು ಗದ್ದಲವೆಂದೇ ಗುರುತಿಸುವುದಿಲ್ಲ. ಮಾದರಿಯೂ ಅನ್ವಯವೂ ಒಂದೇ ಹಂತದಲ್ಲಿ ಆಗಬೇಕು. ಮೊದಲು 6 ಡೆಸಿಬೆಲ್ ತಗ್ಗಿಸಿ ಕೇಳಿ, ಬೇಕಿದ್ದರೆ 12ರವರೆಗೆ ಹೋಗಬಹುದು. ಇನ್ನೂ ಆಸೆಪಟ್ಟರೆ ಅಜ್ಜಿ ನೀರಿನೊಳಗಿಂದ ಮಾತಾಡಿದಂತಾಗುತ್ತದೆ. ಅದಕ್ಕಿಂತ ಫ್ಯಾನೇ ವಾಸಿ.

ಇಷ್ಟೆಲ್ಲ ಹೇಳಿದ್ದು ಒಂದೇ ದನಿಯ ಕಥೆಗೆ. ಮೊಮ್ಮಗ ನಡುನಡುವೆ ‘ಆಮೇಲೆ ಏನಾಯ್ತಜ್ಜಿ?’ ಎಂದು ಕೇಳುತ್ತಿದ್ದರೆ ಲೆಕ್ಕ ಕೆಡುತ್ತದೆ. ಮೊಬೈಲ್ ಅವನ ಮಗ್ಗುಲಲ್ಲೇ ಇದೆ ಎಂದುಕೊಳ್ಳಿ. ಅವನ ದನಿ ಮೈನಸ್ 24, ಅಜ್ಜಿಯದು ಮೈನಸ್ 38. ಒಟ್ಟು ಮಾತಿನಲ್ಲಿ ಕಾಲುಭಾಗ ಅವನದು. ಸರಾಸರಿ ತೆಗೆಯುವುದು ಶಕ್ತಿಯ ಮೇಲೆ, ಜೋರಾದವನ ಪಾಲೇ ಅದರಲ್ಲಿ ಹೆಚ್ಚು. ಹಾಗಾಗಿ ಒಟ್ಟು ಅಳತೆ ಸುಮಾರು ಮೈನಸ್ 29.5 ಎಂದು ಬರುತ್ತದೆ. ಹಿಂದೆ ಹೇಳಿದ ಗೇಟು ಅದಕ್ಕಿಂತ 10 ಕೆಳಗೆ, ಮೈನಸ್ 39.5ರಲ್ಲಿ ನಿಲ್ಲುತ್ತದೆ. ಅಜ್ಜಿ ದನಿ ತಗ್ಗಿಸಿ ಹೇಳಿದ ಮಾತುಗಳೆಲ್ಲ ಮೌನದ ಜೊತೆ ಲೆಕ್ಕದಿಂದ ಹೊರಗೆ. ಮೈನಸ್ 16ಕ್ಕೆ ತರಲು ಯಂತ್ರ ಕೊಡುವುದು 13.5 ಮಾತ್ರ. ಮೊಮ್ಮಗ ಮೈನಸ್ 10.5ರಲ್ಲಿ ಅಬ್ಬರಿಸುತ್ತಾನೆ, ಅಜ್ಜಿ ಮೈನಸ್ 24.5ರಲ್ಲಿ ಪಿಸುಗುಟ್ಟುತ್ತಾಳೆ. ಅಳತೆಯ ಪ್ರಕಾರ ಫೈಲು ಸರಿಯಾಗಿಯೇ ಇದೆ, ಕೇಳಬೇಕಾದವಳು ಮಾತ್ರ ಕೇಳುತ್ತಿಲ್ಲ.

ಇಲ್ಲಿ ಎರಡು ಗುಂಡಿಗಳೂ ಸೋಲುತ್ತವೆ. ಮೊಮ್ಮಗನ ಮಾತುಗಳನ್ನು ಒಂದೊಂದಾಗಿ ಆಯ್ದು 14 ಡೆಸಿಬೆಲ್ ಇಳಿಸಿ, ಆಮೇಲೆ ಇಡೀ ಫೈಲನ್ನು ಏರಿಸುವುದೇ ದಾರಿ. ಬೇಸರದ ಕೆಲಸವೇ ಸರಿ.

ಪೀಕ್ ವಿಧಾನವನ್ನು ಹಳೆಯದೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಯಕ್ಷಗಾನದ ರೆಕಾರ್ಡಿಂಗ್ ನೋಡಿ. ಚೆಂಡೆಯ ಪೆಟ್ಟು ಮಾಳಿಗೆಯ ಹತ್ತಿರ ಚಿಮ್ಮುತ್ತದೆ, ಭಾಗವತರ ಪದ ಅದಕ್ಕಿಂತ ಎಷ್ಟೋ ಕೆಳಗೆ ಹರಿಯುತ್ತದೆ. ಆಟವೊಂದು ಒಟ್ಟಾರೆ ಮೈನಸ್ 22ರಲ್ಲಿದ್ದು, ಚೆಂಡೆ ಈಗಾಗಲೇ ಮೈನಸ್ 1 ಮುಟ್ಟಿದ್ದರೆ, ಅದನ್ನು ಸ್ಪಾಟಿಫೈ ಇಟ್ಟುಕೊಂಡಿರುವ ಮೈನಸ್ 14ಕ್ಕೆ ಎಳೆಯಲು ಪ್ರತಿ ಪೆಟ್ಟಿನ ತಲೆಯಿಂದ 8 ಡೆಸಿಬೆಲ್ ಸವರಬೇಕಾಗುತ್ತದೆ. ಚೆಂಡೆಯ ಚೆಂಡೆತನ ಇರುವುದೇ ಆ ತಲೆಯಲ್ಲಿ. ಕಥೆಯ ಚೊಂಬು ಅನಗತ್ಯ ಸದ್ದು, ಆಟದ ಚೆಂಡೆ ಸಂಗೀತ. ಶಿಖರದಲ್ಲಿ ಕೂತದ್ದು ಯಾವುದು ಎಂಬುದನ್ನು ಯಂತ್ರ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು. ಇಂಥ ಕಡೆ ಪೀಕ್ ವಿಧಾನದಿಂದ ಮೈನಸ್ 1ಕ್ಕೆ ಕೂರಿಸಿ, ಒಟ್ಟು ಮಟ್ಟ ತುಸು ಕಡಿಮೆಯೇ ಇರಲಿ ಎಂದು ಬಿಡುವುದು ಮೇಲು. ಕೇಳುವವರು ವಾಲ್ಯೂಮ್ ಒಂದು ಗೆರೆ ಏರಿಸಿಕೊಂಡಾರು.

ಒಂದೇ ಆಟವನ್ನು ಹಲವು ಫೈಲುಗಳಾಗಿ ತುಂಡರಿಸಿದ್ದರೆ ಮಾತ್ರ ಎಚ್ಚರ ಬೇಕು. ಅಡಾಸಿಟಿಯಲ್ಲಿ ಎಲ್ಲ ಟ್ರ್ಯಾಕುಗಳನ್ನು ಆಯ್ದು Normalize ಕೊಟ್ಟರೆ ಅದು ಪ್ರತಿಯೊಂದನ್ನೂ ಬೇರೆಬೇರೆಯಾಗಿ ಏರಿಸುತ್ತದೆ. ನಿಧಾನವಾದ ಕರುಣರಸದ ಭಾಗವೂ ಯುದ್ಧದ ಅಬ್ಬರದ ಮಟ್ಟಕ್ಕೆ ಬಂದು ನಿಲ್ಲುತ್ತದೆ. Amplify ಹಾಗೆ ಮಾಡುವುದಿಲ್ಲ, ಆಯ್ದ ಎಲ್ಲಕ್ಕೂ ಒಂದೇ ಏರಿಕೆ ಕೊಡುತ್ತದೆ. ತುಂಡುಗಳ ನಡುವಿನ ಏರಿಳಿತ ಉಳಿಯಬೇಕಾದಲ್ಲಿ ಬಳಸಬೇಕಾದದ್ದು ಅದನ್ನೇ.

ಫೈಲು ಎಲ್ಲಿಗೆ ಹೋಗುತ್ತದೆ ಎಂಬುದೂ ಆಯ್ಕೆಯನ್ನು ಬದಲಿಸುತ್ತದೆ. ಯೂಟ್ಯೂಬಿನ ಮೂಲ ಹೊಂದಾಣಿಕೆ ಜೋರಾದದ್ದನ್ನು ತಗ್ಗಿಸುತ್ತದೆ, ತಗ್ಗಾದದ್ದನ್ನು ಏರಿಸುವುದಿಲ್ಲ. ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ಬಲಗುಂಡಿ ಒತ್ತಿ Stats for nerds ತೆರೆದರೆ content loudness ಎಂಬ ಅಂಕಿ ಕಾಣುತ್ತದೆ. ಅದು ಮೈನಸ್ 20 ಎಂದಿದ್ದರೆ, ಯೂಟ್ಯೂಬಿನ ಗುರಿಗಿಂತ ನಿಮ್ಮ ಕಥೆ ಅಷ್ಟು ಕೆಳಗಿದೆ, ಹಾಗೆಯೇ ಉಳಿಯುತ್ತದೆ. ‘ಅವರೇ ಸರಿಮಾಡಿಕೊಳ್ಳುತ್ತಾರೆ’ ಎಂದು ತಗ್ಗು ಫೈಲನ್ನು ಹಾಗೇ ಅಪ್‌ಲೋಡ್ ಮಾಡಿ ಕೂರುವಂತಿಲ್ಲ.

ಮೊಬೈಲಿನ ರೆಕಾರ್ಡಿಂಗ್ ಸಾಮಾನ್ಯವಾಗಿ ಮೋನೊ, ಒಂದೇ ಚಾನೆಲ್. ಅದನ್ನು ಕೇಳುವುದು ಎರಡು ಕಿವಿಯಲ್ಲಿ. ಒಂದೇ ಚಾನೆಲ್ ಎಂದು ಅಳೆದರೆ ಅಂಕಿ 3 ಕಡಿಮೆ ಬರುತ್ತದೆ. ಅದನ್ನು ನಂಬಿ ಏರಿಸಿದರೆ ಫೈಲು ಬೇಕಾದ್ದಕ್ಕಿಂತ 3 ಜೋರಾಗುತ್ತದೆ. ಮೇಲಿನ ಕಮಾಂಡಿನಲ್ಲಿ dualmono ಎಂದು ಬರೆದದ್ದು, ಅಡಾಸಿಟಿಯ ಕಿಟಕಿಯಲ್ಲಿ Treat mono as dual-mono ಎಂಬ ಚೌಕಕ್ಕೆ ಗುರುತು ಹಾಕಿರಬೇಕಾದದ್ದು, ಇದೇ ಕಾರಣಕ್ಕೆ. ಅದೇ ಕಿಟಕಿಯಲ್ಲಿ ಮೊದಲೇ ತುಂಬಿರುವ ಮಟ್ಟ ಮೈನಸ್ 23, ಯುರೋಪಿನ ಪ್ರಸಾರಕ್ಕೆಂದು ನಿಗದಿಯಾದದ್ದು. ಅದನ್ನು ಬದಲಿಸದೆ ಒಪ್ಪಿಬಿಟ್ಟರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕಥೆ ಮತ್ತೆ ತಗ್ಗೇ.

ಕೊನೆಗೆ ಎಂಪಿ3 ಮಾಡುವಾಗ ಶಿಖರ ತುಸು ಮೇಲೇಳುತ್ತದೆ, ಏಕೆಂದರೆ ಕುಗ್ಗಿಸುವ ಕ್ರಿಯೆಯಲ್ಲಿ ಅಲೆಯ ಆಕಾರವೇ ಸ್ವಲ್ಪ ಬದಲಾಗುತ್ತದೆ. ಶಿಖರವನ್ನು ಸೊನ್ನೆಗೆ ಮುಟ್ಟಿಸದೆ ಮೈನಸ್ 1ರಲ್ಲಿ ನಿಲ್ಲಿಸುವುದು ಅದಕ್ಕೇ. ಎಂಪಿ3 ಕೈಗೆ ಬಂದ ಮೇಲೆ ಅದರ ಮೇಲೂ ಅದೇ ಕಮಾಂಡ್ ಓಡಿಸಿ, I ಮೈನಸ್ 16ರ ಹತ್ತಿರವಿದ್ದು Peak ಸೊನ್ನೆಗಿಂತ ಕೆಳಗಿದ್ದರೆ ಫೈಲನ್ನು ಮನೆಯವರ ಗುಂಪಿಗೆ ಕಳಿಸಬಹುದು. ಮೊಬೈಲಿನಿಂದ ಬಂದ ಮೂಲ ಫೈಲನ್ನು ಮಾತ್ರ ಮುಟ್ಟದೆ ಬೇರೆ ಫೋಲ್ಡರಿನಲ್ಲಿಡಬೇಕು, ಚೊಂಬಿನ ಸಮೇತ.